ಮೊಬೈಲ್‌ನಲ್ಲಿ ಕಂಡ ಮೆಣಸಿನಕಾಯಿ ರೇಟು ಬ್ಯಾಡಗಿ ಪೇಟೆಯಲ್ಲಿ ಯಾಕೆ ಸಿಗುವುದಿಲ್ಲ?

ಹಾವೇರಿ: ಮಾರುಕಟ್ಟೆ ದರವನ್ನು ದಿನವೂ ತೋರಿಸುವ ಡ್ಯಾಶ್‌ಬೋರ್ಡ್‌ಗಳು ಈಗ ಮೊಬೈಲ್‌ನಲ್ಲೇ ಸಿಗುತ್ತವೆ. ಆದರೆ ಅಲ್ಲಿ ಕಂಡ ರೇಟು ನಂಬಿ ಚೀಲ ತಂದ ರೈತರಿಗೆ ಪೇಟೆಯಲ್ಲಿ ಬೇರೆಯದೇ ರೇಟು ಎದುರಾಗುವುದುಂಟು. ಇದರಲ್ಲಿ ಮೋಸ ಇರಲೇಬೇಕು ಅಂತೇನಿಲ್ಲ. ಅಂಕಿ ಎಲ್ಲಿಂದ ಬರುತ್ತದೆ, ಹೇಗೆ ಲೆಕ್ಕವಾಗುತ್ತದೆ ಅನ್ನುವುದು ತಿಳಿದರೆ ವ್ಯತ್ಯಾಸದ ಕಾರಣವೂ ತಿಳಿಯುತ್ತದೆ.

ಇಂಥ ಹಲವು ಪುಟಗಳಿಗೆ ಮೂಲ ಕೇಂದ್ರ ಸರ್ಕಾರದ data.gov.in ತಾಣ. ದೇಶದ ಎಪಿಎಂಸಿಗಳು ಅಗ್‌ಮಾರ್ಕ್‌ನೆಟ್‌ಗೆ ಕಳಿಸುವ ದರಗಳನ್ನು ಅಲ್ಲಿಂದ ಯಾರು ಬೇಕಾದರೂ ಪಡೆಯಬಹುದು. ಪ್ರತಿ ಸಾಲಿನಲ್ಲಿ ಜಿಲ್ಲೆ, ಮಾರುಕಟ್ಟೆ, ಬೆಳೆ, ತಳಿ, ದಿನಾಂಕ ಇರುತ್ತವೆ. ಜೊತೆಗೆ ಮೂರು ದರಗಳು: ಕನಿಷ್ಠ, ಗರಿಷ್ಠ ಮತ್ತು ಮೋಡಲ್. ಮೋಡಲ್ ಅಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ. ಎಲ್ಲವೂ ಕ್ವಿಂಟಲ್ ಲೆಕ್ಕ.

ಎಡವಟ್ಟು ಮೊದಲು ಆಗುವುದು ತಳಿಯಲ್ಲಿ. ಬ್ಯಾಡಗಿ ಪೇಟೆಗೆ ಡಬ್ಬಿ, ಕಡ್ಡಿ, ಗುಂಟೂರು ಮೂರೂ ಬರುತ್ತವೆ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಒಂದು ದಿನ ಮೋಡಲ್ ದರ ಡಬ್ಬಿಗೆ 30,000, ಕಡ್ಡಿಗೆ 25,000, ಗುಂಟೂರಿಗೆ 11,000 ರೂಪಾಯಿ. ಡ್ಯಾಶ್‌ಬೋರ್ಡ್ ಮಾಡಿದವರು ತಳಿ ನೋಡದೆ 'ಒಣ ಮೆಣಸಿನಕಾಯಿ' ಅಂತ ಒಟ್ಟುಗೂಡಿಸಿ ಸರಾಸರಿ ತೆಗೆದರೆ 22,000 ಬರುತ್ತದೆ. ಅದು ಯಾವ ತಳಿಯ ದರವೂ ಅಲ್ಲ. ಅದನ್ನು ನೋಡಿ 5 ಕ್ವಿಂಟಲ್ ಗುಂಟೂರು ತಂದ ರೈತ 1,10,000 ರೂಪಾಯಿ ಅಂದುಕೊಂಡಿರುತ್ತಾನೆ, ಕೈಗೆ ಬರುವುದು 55,000. ಅದೇ ಅಂಕಿ ನೋಡಿ ಡಬ್ಬಿ ಕೊಳ್ಳಲು ಹೋದ ಕಿರಾಣಿ ಅಂಗಡಿಯವರಿಗೆ ಕ್ವಿಂಟಲ್‌ಗೆ 8,000 ಹೆಚ್ಚು ಬೀಳುತ್ತದೆ.

ಪೇಟೆಗೆ ಯಾವ ತಳಿಯ ಚೀಲ ಎಷ್ಟು ಬಂದಿತ್ತು ಅಂತ ನೋಡಿ ಸರಾಸರಿ ಸರಿಪಡಿಸಬಹುದಲ್ಲ ಅನ್ನಿಸಬಹುದು. ಆದರೆ ಈ ದೈನಿಕ ದರದ ಸಾಲುಗಳಲ್ಲಿ ಆವಕದ ಪ್ರಮಾಣವೇ ಇರುವುದಿಲ್ಲ. ಹಾಗಾಗಿ ಸರಾಸರಿಯ ಗೋಜಿಗೇ ಹೋಗದೆ ಪ್ರತಿ ತಳಿಯನ್ನೂ ಬೇರೆ ಬೇರೆ ತೋರಿಸುವುದೊಂದೇ ಸರಿಯಾದ ದಾರಿ.

ಇನ್ನೊಂದು ತೊಂದರೆ ದಿನಾಂಕದ್ದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ಮುಖ್ಯವಾಗಿ ಸೋಮವಾರ ಮತ್ತು ಗುರುವಾರ. ಬುಧವಾರ ಪುಟ ತೆರೆದರೆ ಕಾಣುವುದು ಹೆಚ್ಚಾಗಿ ಸೋಮವಾರದ ದರ. ಅದರ ಮೇಲೆ 'ಇಂದಿನ ದರ' ಅಂತ ಬರೆದಿದ್ದರೆ ಅದು ತಪ್ಪು. ಪುಟದ ಮೂಲೆಯಲ್ಲಿ ಇವತ್ತಿನ ದಿನಾಂಕ ಇದ್ದ ಮಾತ್ರಕ್ಕೆ ದರವೂ ಇವತ್ತಿನದು ಅಂತಲ್ಲ. ದರದ ಸಾಲಿನಲ್ಲಿ arrival_date ಅಂತ ಬರುವ ದಿನಾಂಕವೇ ನಿಜವಾದದ್ದು, ಪ್ರತಿ ದರದ ಪಕ್ಕ ಅದನ್ನೇ ಹಾಕಬೇಕು.

ವಹಿವಾಟಿನ ದಿನವೂ ಬೆಳಿಗ್ಗೆ ಹೊಸ ದರ ಇರುವುದಿಲ್ಲ. ಟೆಂಡರ್ ಮುಗಿದು ಎಪಿಎಂಸಿಯವರು ಅಂಕಿ ತುಂಬಿದ ಮೇಲಷ್ಟೇ ಅದು ಮೇಲಕ್ಕೆ ಹೋಗುತ್ತದೆ. ಬೆಳಿಗ್ಗೆ ಒಂದೇ ಸಲ ಮಾಹಿತಿ ಎಳೆಯುವ ಡ್ಯಾಶ್‌ಬೋರ್ಡ್‌ಗೆ ಅದು ತಪ್ಪಿಹೋಗಬಹುದು. ಸಂಜೆ ಮತ್ತು ರಾತ್ರಿ ಮತ್ತೆ ಎಳೆಯಬೇಕು. ಈ ಸಾಲುಗಳು ಚಾಲ್ತಿ ದಿನದವು ಮಾತ್ರ ಆದ್ದರಿಂದ, ಹಿಂದಿನ ವಾರದ ಜೊತೆ ಹೋಲಿಸಬೇಕಾದರೆ ದಿನದಿನವೂ ಉಳಿಸಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಸರಿ ಇದ್ದರೂ ಒಂದೇ ತಳಿಯಲ್ಲಿ ಕನಿಷ್ಠಕ್ಕೂ ಗರಿಷ್ಠಕ್ಕೂ ದೊಡ್ಡ ಅಂತರ ಇರುತ್ತದೆ. ತೇವ ಹೆಚ್ಚಿದ್ದರೆ, ಬಣ್ಣ ಮಾಸಿದ್ದರೆ, ಬಿಳಿಗಾಯಿ ಸೇರಿದ್ದರೆ ಅದೇ ಕಡ್ಡಿ ಕೆಳಗಿನ ದರಕ್ಕೆ ಇಳಿಯುತ್ತದೆ. ಗರಿಷ್ಠ ದರ ಒಂದೆರಡು ಒಳ್ಳೆಯ ಲಾಟ್‌ಗಳಿಗೆ ಮಾತ್ರ ಸಿಕ್ಕಿರಬಹುದು. ಹಾಗಾಗಿ ಲೆಕ್ಕ ಹಾಕುವಾಗ ಮೋಡಲ್ ದರ ಹಿಡಿಯುವುದು ಮೇಲು. ಅದರಲ್ಲೂ ಊರಿಂದ ಪೇಟೆಗೆ ಸಾಗಿಸುವ ಗಾಡಿ ಬಾಡಿಗೆಯನ್ನು ಕಳೆದೇ ನೋಡಬೇಕು, ಡ್ಯಾಶ್‌ಬೋರ್ಡ್ ಅದನ್ನು ಕಳೆದು ತೋರಿಸುವುದಿಲ್ಲ.

ಅಂಕಿ ತುಂಬುವಾಗಲೂ ಕೈತಪ್ಪು ಆಗುತ್ತದೆ. ಒಂದು ಸೊನ್ನೆ ಬಿಟ್ಟರೆ 25,000 ಇದ್ದದ್ದು 2,500 ಆಗುತ್ತದೆ. ಮೋಡಲ್ ದರ ಕನಿಷ್ಠ ಮತ್ತು ಗರಿಷ್ಠದ ನಡುವೆ ಇಲ್ಲದಿದ್ದರೆ ಅಥವಾ ಹಿಂದಿನ ವಹಿವಾಟಿಗಿಂತ ಒಮ್ಮೆಲೇ ಹತ್ತನೇ ಒಂದು ಪಾಲಿಗೆ ಇಳಿದಿದ್ದರೆ, ಅಂಥ ಅಂಕಿ ನಂಬಿ ಗಾಡಿ ಹೇರಬಾರದು, ನಿಲ್ಲಿಸಲೂಬಾರದು. ಎಪಿಎಂಸಿ ಕಚೇರಿಗೋ ದಲಾಲಿ ಅಂಗಡಿಗೋ ಒಂದು ಫೋನ್ ಮಾಡಿ ಕೇಳಿದರೆ ಆಯಿತು.