ಫೈರ್‌ವಾಲ್ (ಗಣಕ ಜಾಲ)

ಫೈರ್‌ವಾಲ್ ಎಂಬುದು ಎರಡು ಗಣಕ ಜಾಲಗಳ ನಡುವೆ, ಸಾಮಾನ್ಯವಾಗಿ ಒಂದು ಸಂಸ್ಥೆಯ ಒಳಜಾಲ ಮತ್ತು ಅಂತರ್ಜಾಲಗಳ ನಡುವೆ, ನಿಂತು ಅಲ್ಲಿ ಹಾದುಹೋಗುವ ದತ್ತಾಂಶವನ್ನು ಮೊದಲೇ ಬರೆದಿಟ್ಟ ನಿಯಮಗಳಂತೆ ಬಿಡುವ ಅಥವಾ ತಡೆಯುವ ಸಾಧನ ಅಥವಾ ತಂತ್ರಾಂಶವಾಗಿದೆ. ಈ ಹೆಸರು ಕಟ್ಟಡ ನಿರ್ಮಾಣದಿಂದ ಎರವಲು ಬಂದದ್ದು.

ಪದದ ಮೂಲ

ಕಟ್ಟಡಶಾಸ್ತ್ರದಲ್ಲಿ ಫೈರ್‌ವಾಲ್ ಎಂದರೆ ಒಂದು ಭಾಗದಲ್ಲಿ ಹತ್ತಿದ ಬೆಂಕಿ ಮತ್ತೊಂದು ಭಾಗಕ್ಕೆ ಹರಡದಂತೆ ಕಟ್ಟಿದ ಗೋಡೆ. 1666ರಲ್ಲಿ ಲಂಡನ್ ನಗರದ ಬಹುಭಾಗ ಸುಟ್ಟುಹೋದ ಬಳಿಕ, ಮನೆಗಳನ್ನು ಇಟ್ಟಿಗೆ ಇಲ್ಲವೆ ಕಲ್ಲಿನಿಂದಲೇ ಕಟ್ಟಬೇಕು, ಅಕ್ಕಪಕ್ಕದ ಮನೆಗಳ ನಡುವಿನ ಗೋಡೆಗೆ ನಿಗದಿತ ದಪ್ಪವಿರಬೇಕು ಎಂದು ಅಲ್ಲಿ ಕಾಯ್ದೆಯಾಯಿತು. ಇಂತಹ ಗೋಡೆಯನ್ನು ಅನೇಕ ವೇಳೆ ಛಾವಣಿಗಿಂತ ಮೇಲಕ್ಕೂ ಎತ್ತರಿಸುತ್ತಾರೆ. ಒಂದು ಬದಿಯ ಕಟ್ಟಡ ಕುಸಿದರೂ ಗೋಡೆ ತಾನಾಗಿ ನಿಂತಿರಬೇಕೆಂಬುದು ಅದರ ಲಕ್ಷಣ. ಮೋಟಾರು ವಾಹನದಲ್ಲಿ ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಇರುವ ಲೋಹದ ತಡೆಗೂ ಇದೇ ಹೆಸರಿದೆ.

ಕನ್ನಡದಲ್ಲಿ ಇದನ್ನು 'ಬೆಂಕಿಗೋಡೆ' ಎಂದರೆ ಬೆಂಕಿಯಿಂದಲೇ ಮಾಡಿದ ಗೋಡೆ ಎಂಬ ಅರ್ಥವೂ ಹೊರಡಬಹುದು. ಜಾಲದ ನಕ್ಷೆಗಳಲ್ಲಿ ಉರಿಯುವ ಇಟ್ಟಿಗೆ ಗೋಡೆಯ ಚಿತ್ರ ಬಿಡಿಸುವವರು ಮಾಡುವುದೂ ಇದೇ ತಪ್ಪು. ಬೆಂಕಿಯನ್ನು ತಡೆಯುವ ಗೋಡೆ ಎಂದು ಸಮಾಸವನ್ನು ಬಿಡಿಸಿಕೊಳ್ಳಬೇಕು.

ಗಣಕ ಜಾಲದಲ್ಲಿ ಈ ಪದ 1980ರ ದಶಕದ ಕೊನೆಯಲ್ಲಿ ರೂಢಿಗೆ ಬಂತು. 1988ರ ನವೆಂಬರ್ 2ರಂದು ಮೋರಿಸ್ ವರ್ಮ್ ಎಂಬ ಪ್ರೋಗ್ರಾಮು ಒಂದು ಗಣಕದಿಂದ ಇನ್ನೊಂದಕ್ಕೆ ತಾನಾಗಿಯೇ ನಕಲಾಗುತ್ತಾ ಹರಡಿದಾಗ, ಹೋಲಿಕೆ ಎಷ್ಟು ನಿಜವೆಂಬುದು ಕಂಡುಬಂತು. ಹೊತ್ತಿದ ಮನೆಯ ಬೆಂಕಿ ಪಕ್ಕದ ಮನೆಗೆ ತಗಲುವ ರೀತಿಯೂ ಅದೇ.

ಹೋಲಿಕೆ ತಪ್ಪುವ ಸ್ಥಳ

ಆದರೆ ಒಂದು ಮುಖ್ಯ ವಿಷಯದಲ್ಲಿ ಈ ಹೆಸರು ಓದುಗರನ್ನು ದಾರಿ ತಪ್ಪಿಸುತ್ತದೆ. ಕಟ್ಟಡದ ಗೋಡೆ ಬೆಂಕಿ ಯಾವುದೆಂದು ವಿಚಾರಿಸುವುದಿಲ್ಲ, ಎಲ್ಲವನ್ನೂ ತಡೆಯುತ್ತದೆ. ಜಾಲದ ಫೈರ್‌ವಾಲ್ ಎಲ್ಲವನ್ನೂ ತಡೆದರೆ ಜಾಲವೇ ನಿರುಪಯುಕ್ತ. ಆದ್ದರಿಂದ ಅದರ ಕೆಲಸ ತನಿಖಾ ಠಾಣೆಯದು. ಜಾಲದಲ್ಲಿ ದತ್ತಾಂಶವು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಸಾಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೆ ಕಳಿಸಿದವರ ವಿಳಾಸ, ತಲುಪಬೇಕಾದ ವಿಳಾಸ ಮತ್ತು ಸಾಮಾನ್ಯವಾಗಿ ಎರಡೂ ಕಡೆಯ ಪೋರ್ಟ್ ಸಂಖ್ಯೆಗಳು ಇರುತ್ತವೆ. ಪೋರ್ಟ್ ಸಂಖ್ಯೆ ಯಾವ ಸೇವೆ ಬೇಕೆಂಬುದನ್ನು ಸೂಚಿಸುತ್ತದೆ. ಸುರಕ್ಷಿತ ಜಾಲತಾಣಗಳಿಗೆ 443, ದೂರದಿಂದ ಗಣಕವನ್ನು ನಿರ್ವಹಿಸುವ ಎಸ್‌ಎಸ್‌ಎಚ್ ಸೇವೆಗೆ 22.

ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಅದರ ಗ್ರಂಥಾಲಯದ ಸರ್ವರ್ 203.0.113.5ನ್ನು ಹೊರಗಿನವರೂ ನೋಡಬೇಕು, ವಿದ್ಯಾರ್ಥಿಗಳು ಒಳಗಿನಿಂದ ಅಂತರ್ಜಾಲ ಬಳಸಬೇಕು, ಉಳಿದದ್ದೆಲ್ಲ ನಿಲ್ಲಬೇಕು. ಲಿನಕ್ಸ್‌ನಲ್ಲಿ ಇದರ ನಿಯಮಗಳನ್ನು ಹೀಗೆ ಬರೆಯಬಹುದು:

```
ct state established,related accept
iifname "lan" accept
ip daddr 203.0.113.5 tcp dport 443 accept
drop
```

ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಹೊರಗಿನಿಂದ ಸರ್ವರಿನ 22ನೇ ಪೋರ್ಟಿಗೆ ಹೊಸದಾಗಿ ಬಂದ ಪ್ಯಾಕೆಟ್ ಮೊದಲ ಮೂರಕ್ಕೂ ಹೊಂದದೆ ಕೊನೆಯ ಸಾಲಿನಲ್ಲಿ ಬಿದ್ದುಹೋಗುತ್ತದೆ. ಆ ಕೊನೆಯ ಸಾಲನ್ನೇ ಯಾರಾದರೂ ಮೊದಲಿಗೆ ಬರೆದರೆ ಇಡೀ ಕಾಲೇಜಿನ ಸಂಪರ್ಕ ನಿಲ್ಲುತ್ತದೆ.

ಮೊದಲ ಸಾಲಿಗೆ ಸ್ವಲ್ಪ ವಿವರಣೆ ಬೇಕು. ವಿದ್ಯಾರ್ಥಿಯೊಬ್ಬ ತನ್ನ ಗಣಕದ 51514ನೇ ಪೋರ್ಟಿನಿಂದ ಹೊರಗಿನ ತಾಣವೊಂದರ 443ಕ್ಕೆ ವಿನಂತಿ ಕಳಿಸಿದರೆ, ಉತ್ತರವು 443ರಿಂದ 51514ಕ್ಕೆ ಮರಳುತ್ತದೆ. ಆರಂಭದ ಫೈರ್‌ವಾಲ್‌ಗಳಿಗೆ ನೆನಪಿರಲಿಲ್ಲ. ಒಂದೊಂದು ಪ್ಯಾಕೆಟ್ಟನ್ನೂ ಅಪರಿಚಿತನಂತೆ ನೋಡುತ್ತಿದ್ದವು. ಉತ್ತರಗಳು ಒಳಬರಲೆಂದು, 443ರಿಂದ ಹೊರಟ ಪ್ಯಾಕೆಟ್ಟುಗಳನ್ನೆಲ್ಲ ದೊಡ್ಡ ಸಂಖ್ಯೆಯ ಪೋರ್ಟುಗಳಿಗೆ ಬಿಡಬೇಕಾಗುತ್ತಿತ್ತು. ಕಳಿಸುವ ಪೋರ್ಟಿನ ಸಂಖ್ಯೆಯನ್ನು ಕಳಿಸುವವನೇ ಆರಿಸಬಹುದಾದ್ದರಿಂದ ದಾಳಿಕೋರನೂ 443 ಎಂದು ಹಾಕಿಕೊಂಡು ನುಗ್ಗಲು ಯತ್ನಿಸಬಹುದಿತ್ತು. ಇಂದಿನ ಫೈರ್‌ವಾಲ್ ಒಳಗಿನಿಂದ ಹೋದ ವಿನಂತಿಯನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡು, ಅದಕ್ಕೆ ಬಂದ ಉತ್ತರವನ್ನು ಮಾತ್ರ ಗುರುತಿಸಿ ಒಳಗೆ ಬಿಡುತ್ತದೆ.

ತಡೆಯನ್ನು ಗುರುತಿಸುವುದು

ಸಂಪರ್ಕ ಸಿಗದಾಗ ಕಾರಣವನ್ನು ಒಂದು ಮಟ್ಟಿಗೆ ಊಹಿಸಬಹುದು. ತಕ್ಷಣವೇ `Connection refused` ಎಂದು ಬಂದರೆ ಸಾಮಾನ್ಯವಾಗಿ ಆ ಗಣಕ ತಲುಪಿದೆ, ಆದರೆ ಅಲ್ಲಿ ಆ ಸೇವೆ ನಡೆಯುತ್ತಿಲ್ಲ. ಬಹಳ ಹೊತ್ತು ಕಾಯಿಸಿ `Connection timed out` ಎಂದರೆ ಫೈರ್‌ವಾಲ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡಿರಬಹುದು. ಗಣಕವೇ ಆರಿಹೋಗಿದ್ದರೂ ಹೀಗೆಯೇ ಕಾಣುತ್ತದೆ.

ಮಿತಿಗಳು

ಗೋಡೆಯ ಒಳಗೇ ಹೊತ್ತಿದ ಬೆಂಕಿಯನ್ನು ಗೋಡೆ ಆರಿಸದು. ಸೋಂಕಿತ ಪೆನ್ ಡ್ರೈವ್ ಒಂದನ್ನು ಪ್ರಯೋಗಾಲಯದ ಗಣಕಕ್ಕೆ ಚುಚ್ಚಿದರೆ, ಪಕ್ಕದ ಗಣಕಕ್ಕೆ ಸೋಂಕು ಹರಡುವಾಗ ಪ್ಯಾಕೆಟ್ಟುಗಳು ಹೊರಬಾಗಿಲಿನ ಫೈರ್‌ವಾಲನ್ನು ಹಾಯುವುದೇ ಇಲ್ಲ. ಈ ಕಾರಣಕ್ಕೆ ದೊಡ್ಡ ಸಂಸ್ಥೆಗಳು ಒಳಜಾಲವನ್ನೂ ವಿಭಾಗಗಳಾಗಿ ಒಡೆದು ನಡುವೆ ಫೈರ್‌ವಾಲ್ ಇಡುತ್ತವೆ, ಪ್ರತಿ ಗಣಕದಲ್ಲೂ ಒಂದನ್ನು ಚಾಲನೆಯಲ್ಲಿಡುತ್ತವೆ. ಕಟ್ಟಡದ ಮೂಲ ಅರ್ಥಕ್ಕೆ ಹೆಚ್ಚು ಹತ್ತಿರವಿರುವುದು ಈ ಒಳಗಿನ ಗೋಡೆಗಳೇ.