ಭಯದ ಅಂಕಿ 8ಕ್ಕೆ ಇಳಿದಾಗ

2022ರ ಮೇ ಮಧ್ಯದಲ್ಲಿ, ಲೂನಾ ನಾಣ್ಯ ನೆಲಕಚ್ಚಿದ ಬೆನ್ನಲ್ಲೇ, ಕ್ರಿಪ್ಟೋ ಪೇಟೆಯ ‘ಭಯ–ದುರಾಸೆ ಸೂಚ್ಯಂಕ’ 100ರಲ್ಲಿ 8ಕ್ಕೆ ಇಳಿಯಿತು. ಎಲ್ಲರೂ ಹೆದರಿ ಮಾರುವಾಗ ಕೊಳ್ಳಬೇಕು ಎನ್ನುವವರಿಗೆ ಇನ್ನೇನು ಬೇಕು? ಆಗ ಬಿಟ್‌ಕಾಯಿನ್ ಬೆಲೆ ಸುಮಾರು 30,000 ಡಾಲರ್. ಜೂನ್‌ನಲ್ಲಿ ಅದು 18,000ಕ್ಕಿಂತಲೂ ಕೆಳಗೆ ಹೋಯಿತು.

ಈ ಅಂಕಿಯ ಅರ್ಧದಷ್ಟು ಬೆಲೆಯ ಏರಿಳಿತ ಮತ್ತು ವಹಿವಾಟಿನ ಭರದಿಂದಲೇ ಬರುತ್ತದೆ. ಅಂದರೆ, ಬೆಲೆ ಬಿದ್ದಿದೆ ಎಂಬ ಹಳೇ ಸುದ್ದಿಯನ್ನೇ ಅದು ಮತ್ತೆ ಹೇಳುತ್ತಿರುತ್ತದೆ. ಸಾಮಾಜಿಕ ಜಾಲತಾಣದ ಗದ್ದಲಕ್ಕೆ ಶೇ. 15ರ ತೂಕ. ಆ ಗದ್ದಲದಲ್ಲಿ ಬಾಟ್‌ಗಳದ್ದೆಷ್ಟು, ದುಡ್ಡು ಹಾಕಿದವರದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಪೇಟೆ ಹೆದರಿದೆ ಎಂದದ್ದು ಸುಳ್ಳಲ್ಲ. ಆ ಹೆದರಿಕೆ ಎಷ್ಟು ತಿಂಗಳು ಎಂಬುದನ್ನು ಮಾತ್ರ ಅದು ಅಳೆಯುವುದಿಲ್ಲ. ಸ್ವಂತ ದುಡ್ಡಿನಲ್ಲಿ ಕೊಂಡು ಎರಡು ವರ್ಷ ಕಾದವರಿಗೆ ಬೆಲೆ ದುಪ್ಪಟ್ಟಾಯಿತು. ಸಾಲ ಮಾಡಿ ಕೊಂಡವರಿಗೆ ಜೂನ್ ದಾಟುವುದೇ ಕಷ್ಟವಿತ್ತು.