ಹಳೇ ಡ್ರಾಯಿಂಗ್ ವಾಪಸ್ ಬಂತಾ?

ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಶಿವಮೊಗ್ಗದ ಮಾಚೇನಹಳ್ಳಿಯಲ್ಲೋ ಇಪ್ಪತ್ತು ಮೂವತ್ತು ಜನ ಇರುವ ಸಣ್ಣ ಮಷಿನ್ ಶಾಪ್‌ಗೆ ಇಂಟರ್ನ್‌ಶಿಪ್‌ಗೆ ಹೋದ್ರೆ ಮೊದಲ ವಾರ ಕೈಗೆ ಬರೋ ಕೆಲಸ ಹೆಚ್ಚುಕಮ್ಮಿ ಒಂದೇ. "ಆ ಐಎಸ್ಒ ಫೈಲ್ ಸ್ವಲ್ಪ ಅಪ್‌ಡೇಟ್ ಮಾಡಿಬಿಡಪ್ಪಾ, ಮುಂದಿನ ತಿಂಗಳು ಆಡಿಟ್ ಇದೆ" ಅಂತಾರೆ ಕ್ವಾಲಿಟಿ ನೋಡಿಕೊಳ್ಳುವವರು. ಫೈಲ್ ತೆಗೆದರೆ ಮೊದಲಲ್ಲೇ ಸಿಗೋದು ದಾಖಲೆ ನಿಯಂತ್ರಣದ ಕಾರ್ಯವಿಧಾನ, ಅಂದ್ರೆ ಎಲ್ಲರೂ ಕರೆಯೋ ಹಾಗೆ ಡಾಕ್ಯುಮೆಂಟ್ ಕಂಟ್ರೋಲ್ ಪ್ರೊಸೀಜರ್. ಯಾರು ಬರೀತಾರೆ, ಯಾರು ಸಹಿ ಹಾಕ್ತಾರೆ, ಬದಲಾದ್ರೆ ಎಲ್ಲಿ ನಮೂದಿಸ್ತಾರೆ ಅನ್ನೋ ನಾಲ್ಕೈದು ಪುಟ. ಓದಿದ್ರೆ ನಿದ್ದೆ ಬರತ್ತೆ ನಿಜ. ಆದ್ರೆ ಆ ಪುಟಗಳು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಮಷಿನ್ ಮುಂದೆ ನೇತಾಡ್ತಿರೋ ಕಾಗದ ಸರಿಯಾದದ್ದೇ?

ಒಂದು ಉದಾಹರಣೆ ಇಟ್ಟುಕೊಂಡೇ ಇದನ್ನು ನೋಡೋಣ. ಒಂದು ಘಟಕದಲ್ಲಿ ಎರಕದ ಫ್ಲ್ಯಾಂಜ್‌ಗೆ ಸಿಎನ್‌ಸಿ ಲೇತ್‌ನಲ್ಲಿ ಬೋರ್ ಹಾಕ್ತಾರೆ ಅಂದ್ಕೊಳ್ಳಿ. ಡ್ರಾಯಿಂಗ್‌ನ ಪರಿಷ್ಕರಣೆ 02ರಲ್ಲಿ ಬೋರ್ 25 ಎಚ್7 ಅಂತಿದೆ. ಅಂದ್ರೆ 25.000ದಿಂದ 25.021 ಮಿ.ಮೀ. ಒಳಗೆ ಬರಬೇಕು. ಇದರೊಳಗೆ ತಿರುಗೋ ಶಾಫ್ಟ್ ಬಿಸಿಯಾದಾಗ ಬಿಗಿಯಾಗ್ತಿದೆ ಅಂತ ಗ್ರಾಹಕರು ಬೋರನ್ನು 25 ಎಫ್7ಗೆ ಬದಲಿಸ್ತಾರೆ. ಈಗ ಅಳತೆ 25.020ರಿಂದ 25.041. ಡ್ರಾಯಿಂಗ್‌ನಲ್ಲಿ ಬದಲಾಗಿದ್ದು ಒಂದು ಅಕ್ಷರ ಅಷ್ಟೇ. ಆದ್ರೆ ನಿನ್ನೆವರೆಗೆ ಅಚ್ಚುಕಟ್ಟು ಅನಿಸ್ತಿದ್ದ 25.010 ಬೋರ್ ಇವತ್ತು ರಿಜೆಕ್ಟ್. ಹಳೇದಕ್ಕೂ ಹೊಸದಕ್ಕೂ ಎರಡಕ್ಕೂ ಸಲ್ಲೋ ಪಟ್ಟಿ ಒಂದೇ ಒಂದು ಮೈಕ್ರಾನ್. ಕಣ್ಣಿಗಂತೂ ಎರಡೂ ಒಂದೇ ಥರ ಕಾಣತ್ತೆ.

ಈ ಹೊಸ ಡ್ರಾಯಿಂಗ್ ಘಟಕದೊಳಕ್ಕೆ ಬರೋದು ಹೇಗೆ? ಪ್ರೊಸೀಜರ್‌ನಲ್ಲಿ "ಗ್ರಾಹಕರಿಂದ ಬಂದ ದಾಖಲೆಗಳನ್ನು ನೋಂದಣಿ ಪುಸ್ತಕದಲ್ಲಿ ದಾಖಲಿಸಿ, ಮುದ್ರೆ ಹಾಕಿ ವಿತರಿಸುವುದು" ಅಂತ ಬರೆದಿರತ್ತೆ. ಆದ್ರೆ ಎಷ್ಟೋ ಕಡೆ ಅದು ಬರೋದು ಮಾಲೀಕರ ವಾಟ್ಸಾಪ್‌ಗೆ. ಮಾಲೀಕರು ಸೂಪರ್‌ವೈಸರ್‌ಗೆ ಫಾರ್ವರ್ಡ್ ಮಾಡ್ತಾರೆ, ಸೂಪರ್‌ವೈಸರ್ ಪ್ರಿಂಟ್ ತೆಗೆದು ಆಪರೇಟರ್‌ಗೆ ಕೊಡ್ತಾರೆ. ಕೆಲಸ ಬೇಗ ಆಯ್ತು. ಆದ್ರೆ ಕೊನೇ ಇನ್‌ಸ್ಪೆಕ್ಷನ್ ಟೇಬಲ್‌ನಲ್ಲಿ ಕೂತವರಿಗೆ ವಿಷಯವೇ ಗೊತ್ತಿಲ್ಲ. ಅವರ ಹತ್ರ ಇನ್ನೂ 02 ಇದೆ. ಅದಕ್ಕೇ ಹೊರಗಿಂದ ಬಂದ ಡ್ರಾಯಿಂಗ್ ಯಾವ ದಾರಿಯಲ್ಲಿ ಬಂದ್ರೂ ಮೊದಲು ಒಂದೇ ಮೇಜಿಗೆ, ಒಬ್ಬರದೇ ರಿಜಿಸ್ಟರ್‌ಗೆ ಹೋಗಬೇಕು. ಸಣ್ಣ ಘಟಕದಲ್ಲಿ ಇದಕ್ಕೆ ಸಾಫ್ಟ್‌ವೇರ್ ಏನೂ ಬೇಡ, ಇನ್ನೂರು ಪುಟದ ನೋಟ್‌ಬುಕ್ ಸಾಕು.

ಇನ್ನು ಸಹಿಗಳು. ತಯಾರಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು ಅಂತ ಮೂರು ಚೌಕ ಇರೋದು ರೂಢಿ. ಐಎಸ್ಒ 9001 ಮೂರು ಸಹಿ ಬೇಕು ಅಂತ ಎಲ್ಲೂ ಹೇಳಲ್ಲ. 2008ರ ಆವೃತ್ತಿಯಲ್ಲಿ ದಾಖಲೆ ನಿಯಂತ್ರಣಕ್ಕೆ ಲಿಖಿತ ಪ್ರೊಸೀಜರ್ ಕಡ್ಡಾಯವಾಗಿತ್ತು. 2015ರ ಆವೃತ್ತಿ ಆ ಕಡ್ಡಾಯವನ್ನೂ ತೆಗೆದುಬಿಟ್ಟಿತು. ಅದರ 7.5ನೇ ಭಾಗ ಕೇಳೋದು, ದಾಖಲೆ ಕೆಲಸಕ್ಕೆ ತಕ್ಕದ್ದಾಗಿದೆಯೇ, ಸಾಕಾಗುವಷ್ಟಿದೆಯೇ ಅಂತ ಯಾರಾದರೂ ನೋಡಿ ಒಪ್ಪಿದ್ದಾರಾ, ಬೇಕಾದ ಜಾಗದಲ್ಲಿ ಬೇಕಾದಾಗ ಅದು ಸಿಗತ್ತಾ, ಬದಲಾವಣೆ ಹಿಡಿತದಲ್ಲಿದೆಯಾ ಅನ್ನೋದನ್ನ ಮಾತ್ರ. ಆದರೂ ಬಹಳಷ್ಟು ಘಟಕಗಳು ಹಳೇ ಪ್ರೊಸೀಜರನ್ನೇ ಇಟ್ಟುಕೊಂಡಿವೆ. ನನ್ನ ಪ್ರಕಾರ ಅದು ಒಳ್ಳೇದೇ, ಚೌಕಗಳಿಗೆ ಅರ್ಥ ಇದ್ದರೆ.

ಅರ್ಥ ಅಂದ್ರೆ ಏನು? ಪ್ರತಿ ಸಹಿಯೂ ಒಂದೊಂದು ಬೇರೆ ಪ್ರಶ್ನೆಗೆ ಹೌದು ಅಂದಂತೆ. ನಮ್ಮ ಫ್ಲ್ಯಾಂಜ್‌ನಲ್ಲಿ ತಯಾರಿಸಿದವರ ಸಹಿ ಹೇಳೋದು, ಗ್ರಾಹಕರ ಡ್ರಾಯಿಂಗ್‌ನಲ್ಲಿರೋ ಅಳತೆಯೇ ನಮ್ಮ ಪ್ರೊಸೆಸ್ ಶೀಟ್‌ಗೂ ಬಂದಿದೆ ಅಂತ. ಪರಿಶೀಲಿಸಿದವರ ಸಹಿ ಹೇಳೋದು, ಇದನ್ನು ನಮ್ಮ ಮಷಿನ್‌ನಲ್ಲಿ ಮಾಡಬಹುದು, ನಮ್ಮ ಗೇಜ್‌ನಲ್ಲಿ ಅಳೆಯಬಹುದು ಅಂತ. ಅನುಮೋದಿಸಿದವರ ಸಹಿ ಅಂದ್ರೆ, ಇಂಥ ದಿನದಿಂದ ಇದೇ ಜಾರಿಗೆ, ಅದರ ಖರ್ಚು ನಮ್ಮದು ಅಂತ. ಇಪ್ಪತ್ತೆರಡು ಜನರ ಘಟಕದಲ್ಲಿ ಮಾಲೀಕರೇ ಎರಡು ಚೌಕಕ್ಕೆ ಸಹಿ ಹಾಕಿದ್ರೆ ತಪ್ಪಿಲ್ಲ. ಆದ್ರೆ ಮಧ್ಯದ ಚೌಕ ಮಾತ್ರ ಬರೆದವರದ್ದೇ ಆಗಬಾರದು, ಆ ಅಳತೆಯನ್ನು ದಿನಾ ಹಿಡಿಯುವವರು ಅಥವಾ ಅಳೆಯುವವರು ಅದನ್ನು ನೋಡಿರಬೇಕು.

ಯಾಕೆ ಅಂತ ಗೇಜ್ ಕಥೆ ನೋಡಿದ್ರೆ ಗೊತ್ತಾಗತ್ತೆ. ಬೋರ್ ಚೆಕ್ ಮಾಡೋಕೆ ಆಪರೇಟರ್ ಹತ್ರ ಪ್ಲಗ್ ಗೇಜ್ ಇರತ್ತೆ. ಒಂದು ತುದಿ ಗೋ, ಅದು ಒಳಗೆ ಹೋಗಬೇಕು. ಇನ್ನೊಂದು ನೋ-ಗೋ, ಅದು ಹೋಗಬಾರದು. ಎಚ್7ರ ಗೇಜ್‌ನಲ್ಲಿ ಗೋ 25.000, ನೋ-ಗೋ 25.021. ಈಗ ಡ್ರಾಯಿಂಗ್ ಹೊಸದು, ಗೇಜ್ ಹಳೇದು ಅಂದ್ಕೊಳ್ಳಿ. ಆಪರೇಟರ್ ಹೊಸ ಡ್ರಾಯಿಂಗ್ ನೋಡಿ 25.030ಕ್ಕೆ ಬೋರ್ ಹಾಕ್ತಾರೆ, ಇದು ಸರಿಯಾದ ಪೀಸ್. ಗೇಜ್ ಹಾಕಿದ್ರೆ ನೋ-ಗೋ ಸಲೀಸಾಗಿ ಒಳಗೆ ಹೋಗತ್ತೆ. "ಅಯ್ಯೋ, ದೊಡ್ಡದಾಯ್ತು" ಅಂತ ಅವರು ಟೂಲ್ ಆಫ್‌ಸೆಟ್ ಕಡಿಮೆ ಮಾಡ್ತಾರೆ. ಮುಂದಿನ ಪೀಸ್ 25.012. ಗೋ ಹೋಯ್ತು, ನೋ-ಗೋ ನಿಂತಿತು, ಗೇಜ್ ಪ್ರಕಾರ ಎಲ್ಲ ಸರಿ. ಪೀಸ್ ಮಾತ್ರ ತಪ್ಪು. ಇಲ್ಲಿ ಕಾಗದ ಸರಿಯಿದ್ದೂ ಕೆಲಸ ಕೆಟ್ಟಿತು. ಆಪರೇಟರ್ ನಂಬೋದು ಕೈಯಲ್ಲಿರೋ ಗೇಜನ್ನ, ನಂಬಲೂ ಬೇಕು.

ಹಾಗಾಗಿ ಪರಿಷ್ಕರಣೆ 03 ಬಂದಾಗ ಪರಿಶೀಲಿಸುವವರ ಮುಂದೆ ಇರಬೇಕಾದ್ದು ಡ್ರಾಯಿಂಗ್ ಒಂದೇ ಅಲ್ಲ. ಅದಕ್ಕೆ ಕಟ್ಟಿಕೊಂಡಿರೋದೆಲ್ಲ: ಪ್ರೊಸೆಸ್ ಶೀಟ್, ಸಿಎನ್‌ಸಿ ಪ್ರೋಗ್ರಾಂ, ಇನ್‌ಸ್ಪೆಕ್ಷನ್ ರಿಪೋರ್ಟಿನ ನಮೂನೆ, ಗೇಜ್. ಪರಿಷ್ಕರಣೆ ದಾಖಲೆಯ ಸಾಲಿನಲ್ಲಿ ಇದೆಲ್ಲ ಕಾಣಬೇಕು. ಬಹಳ ಫೈಲ್‌ಗಳಲ್ಲಿ ಆ ಸಾಲು "ಅಗತ್ಯಕ್ಕೆ ತಕ್ಕಂತೆ ಪರಿಷ್ಕರಿಸಲಾಗಿದೆ" ಅಂತ ಮುಗಿದುಹೋಗತ್ತೆ. ಅದರಿಂದ ಯಾರಿಗೂ ಏನೂ ತಿಳಿಯಲ್ಲ. ಅದು ಹೀಗಿರಬೇಕು:

"ಪರಿಷ್ಕರಣೆ 03. ಬೋರ್ 25 ಎಚ್7 ಇದ್ದದ್ದು 25 ಎಫ್7 ಆಗಿದೆ. ಕಾರಣ: ಗ್ರಾಹಕರ ಹೊಸ ಡ್ರಾಯಿಂಗ್, ಶಾಫ್ಟ್ ಬಿಸಿಯಾದಾಗ ಬಿಗಿಯಾಗುತ್ತಿತ್ತು. ಜೊತೆಗೆ ಬದಲಾದವು: ಪ್ರೊಸೆಸ್ ಶೀಟ್, ಪ್ರೋಗ್ರಾಂ, ಅಂತಿಮ ಇನ್‌ಸ್ಪೆಕ್ಷನ್ ನಮೂನೆ. ಎಫ್7 ಪ್ಲಗ್ ಗೇಜ್ ಬರುವವರೆಗೆ ಪ್ರತಿ ಪೀಸನ್ನೂ ಡಯಲ್ ಬೋರ್ ಗೇಜ್‌ನಲ್ಲಿ ಅಳೆಯುವುದು."

ಆರು ತಿಂಗಳಾದ ಮೇಲೆ ಹೊಸದಾಗಿ ಸೇರಿದವರು ಓದಿದ್ರೂ ಏನಾಯ್ತು, ಯಾಕಾಯ್ತು ಅಂತ ಗೊತ್ತಾಗತ್ತೆ. ಕಾರಣ ಬರೆದಿಡದಿದ್ರೆ, ಯಾರೋ "ಯಾಕಿಷ್ಟು ಸಡಿಲ ಇಟ್ಟಿದ್ದಾರೆ" ಅಂತ ಬೋರನ್ನು ಮತ್ತೆ ಬಿಗಿ ಮಾಡೋ ಸಾಧ್ಯತೆ ಇದ್ದೇ ಇದೆ.

ಸಹಿ ಆಯ್ತು, ಸಾಲು ಬರೆದಾಯ್ತು. ಅನೇಕರು ಇಲ್ಲಿಗೇ ಮುಗೀತು ಅಂದ್ಕೊಳ್ತಾರೆ. ಕಷ್ಟದ ಭಾಗ ಶುರುವಾಗೋದೇ ಈಗ, ಹಳೇದನ್ನು ವಾಪಸ್ ತರೋದು.

ವಿತರಣಾ ಪಟ್ಟಿಯಲ್ಲಿ ನಾಲ್ಕು ಪ್ರತಿ ಇವೆ ಅಂದ್ಕೊಳ್ಳಿ. ಕ್ವಾಲಿಟಿ ಮೇಜಿನಲ್ಲಿ ಮಾಸ್ಟರ್, ಸಿಎನ್‌ಸಿ ಹತ್ರ ಒಂದು, ಅಂತಿಮ ಇನ್‌ಸ್ಪೆಕ್ಷನ್‌ನಲ್ಲಿ ಒಂದು, ಪ್ಲ್ಯಾನಿಂಗ್‌ನಲ್ಲಿ ಒಂದು. ಹೊಸ ಪ್ರತಿ ಕೊಡುವಾಗಲೇ ಹಳೇದನ್ನು ಕೈಗೆ ತೆಗೆದುಕೊಳ್ಳಬೇಕು. ಕೊಟ್ಟ ದಿನಕ್ಕೆ ಒಂದು ಸಹಿ, ವಾಪಸ್ ಬಂದ ದಿನಕ್ಕೆ ಇನ್ನೊಂದು. ಎಷ್ಟೋ ನಮೂನೆಗಳಲ್ಲಿ ಈ ಎರಡನೇ ಕಾಲಂ ಇರೋದೇ ಇಲ್ಲ, ಇದ್ದರೂ ಖಾಲಿ. ಫೈಲ್ ಅಪ್‌ಡೇಟ್ ಮಾಡೋಕೆ ಕೂತಾಗ ನೀವು ಮೊದಲು ನೋಡಬೇಕಾದ್ದು ಅದನ್ನೇ. ನಾಲ್ಕು ಹೋಗಿ ಮೂರು ವಾಪಸ್ ಬಂದಿದ್ರೆ, ನಾಲ್ಕನೇದು ಇನ್ನೂ ಎಲ್ಲೋ ಕೆಲಸ ಮಾಡ್ತಿದೆ ಅಂತ ಅರ್ಥ.

ಪಟ್ಟಿಯಲ್ಲೇ ಇಲ್ಲದ ಪ್ರತಿಗಳದ್ದು ಬೇರೆ ಕಥೆ. ಕೂಲಂಟ್ ಬಿದ್ದು ಡ್ರಾಯಿಂಗ್ ಹಾಳಾಗತ್ತೆ ಅಂತ ಆಪರೇಟರ್ ಒಂದು ಜೆರಾಕ್ಸ್ ಮಾಡಿ, ಲ್ಯಾಮಿನೇಟ್ ಮಾಡಿಸಿ ಟೂಲ್ ಬಾಕ್ಸ್‌ನಲ್ಲಿ ಇಟ್ಟಿರ್ತಾರೆ. ಅದು ಬೇಜವಾಬ್ದಾರಿ ಅಲ್ಲ, ಕೆಲಸದ ಮೇಲಿನ ಕಾಳಜಿ. "ನಿಯಂತ್ರಿತ ಪ್ರತಿ" ಅನ್ನೋ ಮುದ್ರೆಯನ್ನು ಕೆಂಪು ಶಾಯಿಯಲ್ಲಿ ಹಾಕೋ ಪದ್ಧತಿ ಇಂಥದ್ದಕ್ಕೇ. ಕಪ್ಪುಬಿಳುಪು ಜೆರಾಕ್ಸ್‌ನಲ್ಲಿ ಮುದ್ರೆ ಕಪ್ಪಾಗತ್ತೆ, ದೂರದಿಂದಲೇ ನಕಲು ಅಂತ ತಿಳಿಯತ್ತೆ. ಕಲರ್ ಪ್ರಿಂಟರ್ ಮುಂದೆ ಈ ಉಪಾಯ ನಡೆಯಲ್ಲ. ಅದಕ್ಕಿಂತ ಒಳ್ಳೇ ದಾರಿ, ಲ್ಯಾಮಿನೇಟ್ ಆದ ಪ್ರತಿಯನ್ನೇ ಘಟಕದವರು ಅಧಿಕೃತವಾಗಿ ಕೊಡೋದು. ಆಗ ಜೆರಾಕ್ಸ್ ಮಾಡೋ ಅಗತ್ಯವೇ ಬೀಳಲ್ಲ.

ಕಂಪ್ಯೂಟರ್‌ನಲ್ಲಿಟ್ರೆ ಎಲ್ಲ ಸರಿಹೋಗತ್ತೆ ಅನ್ನೋರೂ ಇದ್ದಾರೆ. ಶೇರ್ಡ್ ಫೋಲ್ಡರ್‌ನಲ್ಲಿ `flange_R03.pdf` ಪಕ್ಕದಲ್ಲೇ `flange_final_new.pdf` ಕೂತಿದ್ರೆ ಕಾಗದಕ್ಕಿಂತ ಕಷ್ಟ. ಜಾರಿಯಲ್ಲಿರೋದು ಒಂದೇ ಫೋಲ್ಡರ್‌ನಲ್ಲಿ, ಶಾಪ್‌ನವರಿಗೆ ಓದೋಕೆ ಮಾತ್ರ ಅನುಮತಿ, ಹಳೇದು ಅವರ ಕಣ್ಣಿಗೆ ಬೀಳದ ಕಡೆ. ಇಷ್ಟಿದ್ರೆ ಸಾಕು.

ಜಾರಿ ದಿನಾಂಕದ ಬಗ್ಗೆಯೂ ಒಂದು ಮಾತು. ಹೊಸ ಡ್ರಾಯಿಂಗ್ ಬಂದ ದಿನ 300ರ ಆರ್ಡರ್‌ನಲ್ಲಿ 120 ಪೀಸ್ ಆಗಲೇ ಎಚ್7ಗೆ ಬೋರ್ ಆಗಿದ್ದರೆ? ಅವನ್ನು ಬೇರೆ ಕ್ರೇಟ್‌ಗೆ ಹಾಕಿ ಚೀಟಿ ಅಂಟಿಸಬೇಕು, ಗ್ರಾಹಕರನ್ನು ಲಿಖಿತವಾಗಿ ಕೇಳಬೇಕು. ಈ ಉದಾಹರಣೆಯಲ್ಲಿ ಬೋರ್ ದೊಡ್ಡದಾಗಬೇಕಾದ್ದರಿಂದ ಪೀಸ್ ಉಳಿಸಬಹುದು. ಆದ್ರೆ ತೆಗೆಯಬೇಕಾದ್ದು ವ್ಯಾಸದಲ್ಲಿ ಹತ್ತಿಪ್ಪತ್ತು ಮೈಕ್ರಾನ್ ಅಷ್ಟೇ. ಅಷ್ಟು ತೆಳು ಕಟ್‌ನಲ್ಲಿ ಬೋರಿಂಗ್ ಟೂಲ್ ಕತ್ತರಿಸೋ ಬದಲು ಉಜ್ಜಿಕೊಂಡು ಹೋಗಬಹುದು, ಹಾಗಾಗಿ ಹೋನಿಂಗ್ ಮಾಡಿಸೋದು ವಾಸಿ. ಬದಲಾವಣೆ ಎಫ್7ನಿಂದ ಎಚ್7ಗೆ, ಅಂದ್ರೆ ಉಲ್ಟಾ ಆಗಿದ್ರೆ, ಬಹುತೇಕ 120ನ್ನೂ ಗುಜರಿಗೆ ಹಾಕಬೇಕಿತ್ತು. ಅನುಮೋದಿಸುವವರು ದಿನಾಂಕ ಬರೆಯೋ ಮುಂಚೆ ಅರ್ಧಕ್ಕೆ ನಿಂತ ಕೆಲಸ ಎಷ್ಟಿದೆ ಅಂತ ಎಣಿಸಬೇಕಾದ್ದು ಇದಕ್ಕೇ.

ತುಂಬಿದ ಇನ್‌ಸ್ಪೆಕ್ಷನ್ ರಿಪೋರ್ಟಿನ ವಿಷಯ ಸ್ವಲ್ಪ ಬೇರೆ. ಡ್ರಾಯಿಂಗ್ ಬದಲಾಗತ್ತೆ, ರಿಪೋರ್ಟ್ ಬದಲಾಗಬಾರದು, ಅದು ಆ ದಿನ ನಡೆದದ್ದಕ್ಕೆ ಸಾಕ್ಷಿ. ತಪ್ಪು ಬರೆದಿದ್ರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ, ದಿನಾಂಕ. ವೈಟ್ನರ್ ಹಚ್ಚಬಾರದು. ರಿಪೋರ್ಟಿನ ತಲೆಯಲ್ಲಿ ಡ್ರಾಯಿಂಗ್ ಸಂಖ್ಯೆಯ ಜೊತೆ ಪರಿಷ್ಕರಣೆ ಸಂಖ್ಯೆಗೂ ಜಾಗ ಇದೆಯಾ ನೋಡಿ. ಇಲ್ಲದಿದ್ರೆ, ನಾಳೆ ಗ್ರಾಹಕರು "ಶಾಫ್ಟ್ ಮತ್ತೆ ಹಿಡೀತಿದೆ" ಅಂದಾಗ, ಆ ಲಾಟ್ ಯಾವ ಡ್ರಾಯಿಂಗ್ ನೋಡಿ ಪಾಸಾಯ್ತು ಅಂತ ಹೇಳೋಕೆ ಯಾರಿಂದಲೂ ಆಗಲ್ಲ.

ಫೈಲ್ ನಿಜವೋ ನಾಟಕವೋ ಅಂತ ತಿಳಿಯೋಕೆ ಅನುಭವಿ ಆಡಿಟರ್‌ಗಳು ಎರಡು ದಿಕ್ಕಿನಿಂದ ನಡೀತಾರೆ. ಮಾಸ್ಟರ್ ಪಟ್ಟಿಯಿಂದ ಒಂದು ಡ್ರಾಯಿಂಗ್ ಆರಿಸಿ, ಅದು ಇರಬೇಕಾದ ಮಷಿನ್‌ಗೆ ಹೋಗಿ ನೋಡ್ತಾರೆ. ಆಮೇಲೆ ಯಾವುದೋ ಮಷಿನ್ ಮೇಲೆ ಸಿಕ್ಕ ಕಾಗದ ಹಿಡಿದು ಪಟ್ಟಿಗೆ ವಾಪಸ್ ಬರ್ತಾರೆ. ಟೂಲ್ ಬಾಕ್ಸ್‌ನಲ್ಲಿ ಉಳಿದ ಪ್ರತಿ ಸಿಗೋದು ಎರಡನೇ ದಿಕ್ಕಿನಲ್ಲಿ ಮಾತ್ರ. ಆಡಿಟ್‌ಗೆ ಕಾಯದೆ ನೀವೇ ಮಧ್ಯಾಹ್ನ ಒಂದರ್ಧ ಗಂಟೆ ಹೀಗೆ ಓಡಾಡಿ ನೋಡಬಹುದು, ಆಪರೇಟರ್ ಅಣ್ಣಂದಿರಿಗೆ ಮೊದಲೇ ಹೇಳಿ, ಬೈಯೋಕೆ ಬಂದಿಲ್ಲ ಅಂತ.

ವಾಪಸ್ ಬಂದ ಹಳೇ ಪ್ರತಿಗಳಲ್ಲಿ ಮೂರನ್ನು ಹರಿದು ಹಾಕಿ. ಒಂದಕ್ಕೆ "ರದ್ದಾಗಿದೆ" ಮುದ್ರೆ ಹಾಕಿ ಬೀರುವಿನಲ್ಲಿಡಿ. ಹಳೇ ಯಂತ್ರಗಳು ಇನ್ನೂ ಓಡ್ತಾ ಇರ್ತವೆ, ಅವಕ್ಕೆ ಬಿಡಿಭಾಗ ಬೇಕು ಅಂತ ಗ್ರಾಹಕರು ಮೂರು ವರ್ಷದ ನಂತರವೂ ಪರಿಷ್ಕರಣೆ 02ರ ಹತ್ತು ಫ್ಲ್ಯಾಂಜ್ ಕೇಳಬಹುದು. ಆಗ ಆರ್ಡರ್ ಪತ್ರದಲ್ಲೇ 02 ಅಂತ ಬರೆಸಿಕೊಂಡು, ಆ ಹತ್ತು ಪೀಸ್ ಮುಗಿಯುವವರೆಗೆ ಮಾತ್ರ ಡ್ರಾಯಿಂಗ್ ಮತ್ತು ಎಚ್7 ಗೇಜ್ ಎರಡನ್ನೂ ಒಟ್ಟಿಗೆ ಸಹಿ ಹಾಕಿಸಿಕೊಂಡು ಕೊಟ್ಟು, ಸಂಜೆ ಎರಡನ್ನೂ ಒಟ್ಟಿಗೆ ವಾಪಸ್ ತಗೋಬೇಕು.